ಇಕ್ಕಳದ ಅಂಗಡಿಯ ಮುಂದೆ ಹಮೀದ: ಕಥೆಯಿಂದ ರಂಗಪಠ್ಯಕ್ಕೆ

ಸಣ್ಣಕಥೆಯ ಒಂದು ದೃಶ್ಯವನ್ನು ತರಗತಿಯ ನಾಟಕವಾಗಿ ಬರೆಯಲು ಕೂತವರಿಗೆ ಮೊದಲು ಅಡ್ಡ ಬರುವವನು ಕಥೆಯ ನಿರೂಪಕ. ಕಥೆಯಲ್ಲಿ ಅವನು ಪಾತ್ರದ ಮನಸ್ಸಿನೊಳಗೆ ಹೊಕ್ಕು ಹೊರಬರುತ್ತಾನೆ, ಹಿಂದೆ ನಡೆದದ್ದನ್ನು ಒಂದೇ ವಾಕ್ಯದಲ್ಲಿ ತಿಳಿಸುತ್ತಾನೆ, ನಡುನಡುವೆ ತನ್ನ ಅಭಿಪ್ರಾಯವನ್ನೂ ಸೇರಿಸುತ್ತಾನೆ. ರಂಗದ ಮೇಲೆ ಅವನಿಗೆ ಜಾಗವಿಲ್ಲ. ಪ್ರೇಕ್ಷಕರಿಗೆ ಸಿಗುವುದು ಕಣ್ಣಿಗೆ ಬಿದ್ದದ್ದು ಮತ್ತು ಕಿವಿಗೆ ಬಿದ್ದದ್ದು, ಇವೆರಡೇ. ಹಾಗಾಗಿ ಕಥೆಯ ಪ್ರತಿ ವಾಕ್ಯಕ್ಕೂ ಒಂದು ಗತಿ ಕಾಣಿಸಬೇಕಾಗುತ್ತದೆ: ಅದು ಮಾತಾಗಬೇಕು, ಇಲ್ಲವೇ ಕ್ರಿಯೆಯಾಗಬೇಕು, ಇಲ್ಲವೇ ಬಿಟ್ಟುಹೋಗಬೇಕು.

ಇದನ್ನು ಕಲಿಯಲು ಪ್ರೇಮಚಂದರ ‘ಈದ್ಗಾ’ ಒಳ್ಳೆಯ ಕಥೆ. 1933ರಲ್ಲಿ ಪ್ರಕಟವಾದ ಈ ಹಿಂದಿ ಕಥೆ ಉತ್ತರ ಭಾರತದ ಒಂದು ಹಳ್ಳಿಯಲ್ಲಿ ರಂಜಾನ್ ಹಬ್ಬದ ದಿನ ನಡೆಯುತ್ತದೆ. ತಂದೆತಾಯಿ ಇಲ್ಲದ ನಾಲ್ಕೈದು ವರ್ಷದ ಹಮೀದ ಅಜ್ಜಿ ಅಮೀನಾಳ ಜೊತೆ ಇದ್ದಾನೆ. ಊರ ಹುಡುಗರೊಂದಿಗೆ ಪಟ್ಟಣದ ಈದ್ಗಾಕ್ಕೆ ಹೊರಟಾಗ ಅವನ ಜೇಬಿನಲ್ಲಿರುವುದು ಮೂರು ಪೈಸೆ. ಮಹಮೂದ, ಮೊಹಸಿನ್, ನೂರೆ, ಸಮ್ಮಿ ಜಾತ್ರೆಯಲ್ಲಿ ತೊಟ್ಟಿಲು ಏರುತ್ತಾರೆ, ಮಣ್ಣಿನ ಗೊಂಬೆ ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಮೀದ ಇದಾವುದಕ್ಕೂ ಕೈಹಾಕದೆ, ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅಜ್ಜಿಗಾಗಿ ಒಂದು ಚಿಮಟಾ, ಎಂದರೆ ರೊಟ್ಟಿ ತೆಗೆಯುವ ಇಕ್ಕಳ ಕೊಳ್ಳುತ್ತಾನೆ. ಮುಖ್ಯ ಪಾತ್ರಗಳೆಲ್ಲ ಮಕ್ಕಳೇ ಆಗಿರುವುದು, ಜಾತ್ರೆ ಇರುವುದರಿಂದ ತರಗತಿಯಲ್ಲಿ ಯಾರನ್ನೂ ಹೊರಗೆ ಕೂರಿಸಬೇಕಿಲ್ಲದಿರುವುದು ಇದರ ಅನುಕೂಲ. ತೊಡಕು ಇರುವುದು ಇಕ್ಕಳ ಕೊಳ್ಳುವ ಗಳಿಗೆಯಲ್ಲಿ. ಕಥೆಯ ಜೀವ ಇರುವುದೂ ಅಲ್ಲೇ.

ಮೊದಲ ಕೆಲಸ ದೃಶ್ಯದ ಎಲ್ಲೆ ಗೊತ್ತುಮಾಡುವುದು. ಇಡೀ ಕಥೆಯನ್ನು ಹಿಡಿದರೆ ಹಳ್ಳಿಯ ಬೆಳಗು, ಪಟ್ಟಣದ ದಾರಿ, ನಮಾಜು, ಜಾತ್ರೆ, ವಾಗ್ವಾದ, ಮನೆ ಎಂದು ಆರು ಸ್ಥಳಗಳಾಗುತ್ತವೆ. ಪರದೆಯೂ ದೀಪವೂ ಇಲ್ಲದ ತರಗತಿಯಲ್ಲಿ ಪ್ರತಿ ಸ್ಥಳಬದಲಾವಣೆಗೂ ಮಕ್ಕಳು ಬೆಂಚು ಎಳೆಯುವುದನ್ನು ಜನ ನೋಡುತ್ತಾ ಕೂರಬೇಕಾಗುತ್ತದೆ. ಅಂಗಡಿಯ ದೃಶ್ಯವನ್ನು ನಡುವಿಗಿಟ್ಟು, ಅದಕ್ಕೆ ಮುಂಚೆ ಅಜ್ಜಿಯ ಮನೆಯ ಒಂದು ತುಣುಕು, ಆಮೇಲೆ ಮತ್ತೆ ಅದೇ ಮನೆ, ಇಷ್ಟನ್ನೇ ಉಳಿಸಿಕೊಂಡರೆ ಹನ್ನೆರಡು ಹದಿನೈದು ನಿಮಿಷದ ಗಟ್ಟಿ ಪ್ರದರ್ಶನವಾಗುತ್ತದೆ. ನಮಾಜಿನ ಸಾಲುಗಳ ವರ್ಣನೆ ಕಥೆಯಲ್ಲಿ ಬಹಳ ಸೊಗಸಾಗಿದೆ, ಬಿಡಲು ಮನಸ್ಸಾಗುವುದಿಲ್ಲ. ಆದರೂ ಸಾವಿರಾರು ತಲೆಗಳು ಒಮ್ಮೆಗೇ ಬಾಗುವ ಆ ನೋಟ ಹತ್ತು ಮಕ್ಕಳಿಂದ ಮೂಡುವುದಿಲ್ಲ. ಪ್ರಾರ್ಥನೆಯನ್ನು ಅರ್ಧಂಬರ್ಧ ಅನುಕರಿಸುವುದೂ ಸರಿಯಲ್ಲ. ನಮಾಜು ಮುಗಿದು ಹುಡುಗರು ಜಾತ್ರೆಗೆ ನುಗ್ಗುವಲ್ಲಿಂದ ಎರಡನೆಯ ತುಣುಕನ್ನು ಶುರುಮಾಡುವುದು ಮೇಲು.

ಎಲ್ಲೆ ಗೊತ್ತಾದ ಮೇಲೆ ಕಥೆಯ ಆ ಭಾಗವನ್ನು ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದಬೇಕು. ಕಾಣುವುದಕ್ಕೆ ಒಂದು ಬಣ್ಣ, ಕೇಳುವುದಕ್ಕೆ ಒಂದು, ಮನಸ್ಸಿನೊಳಗೆ ನಡೆಯುವುದಕ್ಕೆ ಇನ್ನೊಂದು. ಅಂಗಡಿಯ ಪ್ರಸಂಗಕ್ಕೆ ಹೀಗೆ ಗೆರೆ ಎಳೆದರೆ ಮೂರನೆಯ ಬಣ್ಣವೇ ಪುಟ ತುಂಬುತ್ತದೆ. ಇಕ್ಕಳ ಕಂಡಕೂಡಲೇ ಹಮೀದನಿಗೆ ಅಜ್ಜಿಯ ನೆನಪಾಗುತ್ತದೆ. ಅವಳ ಬಳಿ ಇಕ್ಕಳವಿಲ್ಲ, ಹಂಚಿನಿಂದ ರೊಟ್ಟಿ ತೆಗೆಯುವಾಗ ಬೆರಳು ಸುಡುತ್ತದೆ, ಇದನ್ನು ಒಯ್ದರೆ ಎಷ್ಟು ಖುಷಿಪಟ್ಟಾಳು, ಗೊಂಬೆಯಿಂದ ಏನು ಉಪಯೋಗ ಎಂದೆಲ್ಲ ಅವನು ಲೆಕ್ಕ ಹಾಕುತ್ತಾನೆ. ಹೊರಗೆ ಕಾಣುವುದು ಒಬ್ಬ ಹುಡುಗ ಅಂಗಡಿಯ ಮುಂದೆ ನಿಂತಿರುವುದಷ್ಟೇ.

ಮಕ್ಕಳು ಬರೆಯುವ ಮೊದಲ ಕರಡಿನಲ್ಲಿ ಈ ಯೋಚನೆಯೆಲ್ಲ ಸ್ವಗತವಾಗಿರುತ್ತದೆ. ಹಮೀದ ಪ್ರೇಕ್ಷಕರ ಕಡೆ ತಿರುಗಿ ಅಜ್ಜಿಯ ಬೆರಳಿನ ವಿಷಯವನ್ನು ಎಂಟು ವಾಕ್ಯಗಳಲ್ಲಿ ಹೇಳುತ್ತಾನೆ, ಅಷ್ಟು ಹೊತ್ತು ಅಂಗಡಿಯವನು ಬೊಂಬೆಯಂತೆ ಕೂತಿರುತ್ತಾನೆ. ಎರಡನೆಯ ದಾರಿ ನಿರೂಪಕನನ್ನೇ ರಂಗಕ್ಕೆ ತರುವುದು. ಸೂತ್ರಧಾರನನ್ನೂ ಯಕ್ಷಗಾನದ ಭಾಗವತನನ್ನೂ ಬಲ್ಲ ಕನ್ನಡದ ಪ್ರೇಕ್ಷಕರಿಗೆ ಅದು ಅಸಹಜ ಅನ್ನಿಸುವುದಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಭಾಗವತನೇ ಕಥೆ ನಡೆಸುತ್ತಾನೆ. ಆದರೆ ನಿರೂಪಕನಿಗೆ ಕೊಡಬೇಕಾದ್ದು ಸ್ಥಳ ಮತ್ತು ಕಾಲ ದಾಟಿಸುವ ಕೆಲಸ. ಪಾತ್ರದ ಭಾವವನ್ನು ಅವನ ಬಾಯಲ್ಲಿ ಹೇಳಿಸಿದರೆ ಪಕ್ಕದಲ್ಲಿ ನಿಂತ ನಟನಿಗೆ ಮಾಡಲು ಏನೂ ಉಳಿಯುವುದಿಲ್ಲ. ಮೂರನೆಯ ದಾರಿ ಯೋಚನೆಯನ್ನು ಕ್ರಿಯೆಯಾಗಿ ಒಡೆದು, ಅದರ ಅರ್ಧವನ್ನು ಮೊದಲೇ ತೋರಿಸಿಡುವುದು. ಈ ದೃಶ್ಯಕ್ಕೆ ಒಗ್ಗುವುದು ಅದೇ.

ಕಥೆಯಲ್ಲಿ ಬೆರಳು ಸುಡುವ ವಿಷಯ ಓದುಗನಿಗೆ ತಿಳಿಯುವುದು ಅಂಗಡಿಯ ಎದುರು, ಹಮೀದನ ನೆನಪಾಗಿ. ರಂಗಪಠ್ಯದಲ್ಲಿ ಅದನ್ನು ಮೊದಲ ತುಣುಕಿಗೆ ಒಯ್ಯಬೇಕು. ಅಮೀನಾ ಒಲೆಯ ಮುಂದೆ ಕೂತು ಹಂಚಿನಿಂದ ರೊಟ್ಟಿಯನ್ನು ಬರಿಗೈಲಿ ಎತ್ತುತ್ತಾಳೆ, ಚುರ್ ಎಂದಾಗ ಕೈ ಕೊಡವಿ ಬೆರಳನ್ನು ಕಿವಿಯ ಹಾಲೆಗೆ ಒತ್ತಿಕೊಳ್ಳುತ್ತಾಳೆ. ಹಮೀದ ನೋಡುತ್ತಾನೆ. ಅದರ ಬಗ್ಗೆ ಇಬ್ಬರೂ ಮಾತೆತ್ತುವುದಿಲ್ಲ. ಮಾತು ಜಾತ್ರೆಯದು, ದಾರಿಯಲ್ಲಿ ಕೈಬಿಡದೆ ನಡೆಯುವುದರದು, ಜೇಬಿನ ಮೂರು ಪೈಸೆಯದು. ಅಂಗಡಿಯ ಮುಂದೆ ಅವನು ಇಕ್ಕಳ ಎತ್ತಿ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡರೆ ಸಾಕು, ಪ್ರೇಕ್ಷಕರು ಎರಡನ್ನೂ ತಾವೇ ಜೋಡಿಸಿಕೊಳ್ಳುತ್ತಾರೆ. ಮೊದಲೇ ತೋರಿಸಿದರೆ ಕೊನೆಯ ಬೆರಗು ಕೆಡುವುದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಈ ಕಥೆಯಲ್ಲಿ ಬೆರಗು ಅಮೀನಾಳದು. ಓದುಗನಿಗೆ ಕಾರಣ ಅಂಗಡಿಯಲ್ಲೇ ಗೊತ್ತಾಗಿರುತ್ತದೆ. ಅವಳಿಗೆ ಗೊತ್ತಾಗುವುದನ್ನು ಅವನು ಕಾಯುತ್ತಿರುತ್ತಾನೆ.

ಹಣದ ಬೆಲೆಯನ್ನೂ ಹೀಗೆಯೇ ಮೊದಲು ಬಿತ್ತಿಡಬೇಕು. ಆ ಕಾಲದಲ್ಲಿ ನಾಲ್ಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಮೂರು ಪೈಸೆ ಎಂದರೆ ಎಷ್ಟು ಕಡಿಮೆ ಎಂಬುದು ಇಂದಿನ ಮಕ್ಕಳಿಗೆ ತಿಳಿಯದು. ಅದನ್ನು ವಿವರಿಸುವ ಮಾತೊಂದನ್ನು ಬರೆದರೆ ಪಾಠದಂತೆ ಕೇಳಿಸುತ್ತದೆ. ಬದಲಿಗೆ ಜಾತ್ರೆಯ ವ್ಯಾಪಾರಿಗಳ ಕೂಗಿನಲ್ಲೇ ಬೆಲೆ ಬರಲಿ: ತೊಟ್ಟಿಲಿಗೆ ಒಂದು ಪೈಸೆ, ಗೊಂಬೆಗೆ ಎರಡು. ಹಮೀದ ಪ್ರತಿ ಕೂಗಿಗೂ ಜೇಬು ಮುಟ್ಟಿಕೊಂಡು ಮುಂದೆ ಹೋಗಲಿ. ಆಮೇಲೆ ಅಂಗಡಿಯವನು ಆರು ಎಂದಾಗ ಪ್ರೇಕ್ಷಕರ ಎದೆ ಝಲ್ಲೆನ್ನುತ್ತದೆ.

ಇಷ್ಟು ಹದ ಮಾಡಿಕೊಂಡು ಬರೆದರೆ ಅಂಗಡಿಯ ಪ್ರಸಂಗ ಹೀಗೆ ಬರಬಹುದು. ಚೌಕಾಸಿಯ ಆರು, ಐದು, ಮೂರು ಎಂಬ ಇಳಿಕೆ ಮೂಲದ್ದು. ಮಾತುಗಳು ರಂಗಕ್ಕಾಗಿ ಹೊಸದಾಗಿ ಬರೆದವು.

(ರಂಗದ ಎಡ ಮುಂಭಾಗದಲ್ಲಿ ಓರೆಯಾಗಿ ಇಟ್ಟ ಬೆಂಚು. ಅದರ ಮೇಲೆ ಸೌಟು, ಬಾಣಲೆ, ಮೂರು ಇಕ್ಕಳ. ಅಂಗಡಿಯವನು ಬಾಣಲೆ ಒರೆಸುತ್ತಿದ್ದಾನೆ. ಗೊಂಬೆ ಹಿಡಿದ ನಾಲ್ವರು ಹುಡುಗರು ಎಡದಿಂದ ಬಂದು ಅಂಗಡಿ ದಾಟಿ ಬಲಕ್ಕೆ ಹೋಗುತ್ತಾರೆ. ಹಿಂದೆ ಬರುತ್ತಿದ್ದ ಹಮೀದ ಬೆಂಚಿನ ಬಳಿ ನಿಲ್ಲುತ್ತಾನೆ.)

ಮಹಮೂದ: (ನಿಲ್ಲದೆ) ಬಾರೋ ಹಮೀದ, ಅಲ್ಲೇನಿದೆ? ಬರೀ ಕಬ್ಬಿಣ!

(ಹಮೀದ ಕದಲುವುದಿಲ್ಲ. ಒಂದು ಇಕ್ಕಳ ಎತ್ತಿ, ಅದುಮಿ ಬಿಡುತ್ತಾನೆ. ಟಣ್ ಎನ್ನುತ್ತದೆ. ತನ್ನ ಬೆರಳುಗಳನ್ನು ಇಕ್ಕಳದ ತುದಿಯ ಪಕ್ಕ ಹಿಡಿದು ನೋಡುತ್ತಾನೆ.)

ಅಂಗಡಿಯವನು: ಏಯ್ ಮರಿ, ಕೆಳಗಿಡು. ಕೈಗೆ ಸಿಕ್ಕಿಸಿಕೊಂಡೀಯ.

ಹಮೀದ: ರೊಟ್ಟಿ ಎತ್ತೋಕೆ ಆಗುತ್ತಾ ಚಾಚಾ, ಇದು?

ಅಂಗಡಿಯವನು: ಮತ್ತೆ ಯಾತಕ್ಕೆ ಮಾಡಿರೋದು? ಆರು ಪೈಸೆ.

(ಹಮೀದನ ಕೈ ಜೇಬಿಗೆ ಹೋಗುತ್ತದೆ. ಹೊರಗೆ ತೆಗೆಯದೆ ಒಳಗೇ ಎಣಿಸುತ್ತಾನೆ.)

ಹಮೀದ: ಸ್ವಲ್ಪ ಇಳಿಸಿ.

ಅಂಗಡಿಯವನು: ಹಬ್ಬ ಅಂತ ಐದಕ್ಕೆ ಕೊಡ್ತೀನಿ. ಬೇಕಾದ್ರೆ ತಗೋ, ಇಲ್ಲಾಂದ್ರೆ ನಡಿ.

ಹಮೀದ: (ಇಕ್ಕಳವನ್ನು ಮೊದಲಿದ್ದ ಜಾಗದಲ್ಲೇ ಇಡುತ್ತಾ) ಮೂರು.

(ಉತ್ತರಕ್ಕೆ ಕಾಯದೆ ಬಲಕ್ಕೆ ಹೊರಡುತ್ತಾನೆ. ಮೂರು ಹೆಜ್ಜೆ. ಅಂಗಡಿಯವನ ಕಣ್ಣು ಅವನ ಬರಿಗಾಲಿನ ಮೇಲೆ ಬೀಳುತ್ತದೆ.)

ಅಂಗಡಿಯವನು: ಲೇ ಮರಿ!

(ಹಮೀದ ನಿಲ್ಲುತ್ತಾನೆ. ಹೆಗಲು ಮುದುಡುತ್ತದೆ. ತಿರುಗುವುದಿಲ್ಲ.)

ಅಂಗಡಿಯವನು: ಬಾ. ಮೂರೇ ಕೊಡು.

(ಹಮೀದ ಓಡಿ ಬಂದು ಪೈಸೆಗಳನ್ನು ಒಂದೊಂದಾಗಿ ಬೆಂಚಿನ ಮೇಲಿಡುತ್ತಾನೆ. ಇಕ್ಕಳವನ್ನು ಬಂದೂಕಿನಂತೆ ಹೆಗಲಿಗೇರಿಸಿ ಬಲಕ್ಕೆ ನಡೆಯುತ್ತಾನೆ.)

ಇಲ್ಲಿ ಅಜ್ಜಿ ಎಂಬ ಮಾತು ಒಮ್ಮೆಯೂ ಬಂದಿಲ್ಲ. ರೊಟ್ಟಿಯ ಬಗ್ಗೆ ಕೇಳುವ ಒಂದು ಪ್ರಶ್ನೆ ಮತ್ತು ಬೆರಳು ನೋಡಿಕೊಳ್ಳುವ ಒಂದು ಕ್ರಿಯೆ ಕಥೆಯ ಒಂದಿಡೀ ಕಂಡಿಕೆಯ ಕೆಲಸ ಮಾಡುತ್ತವೆ. ಹಮೀದನ ಹೆಗಲು ಮುದುಡುವುದಕ್ಕೂ ಮೂಲದಲ್ಲಿ ಆಧಾರವಿದೆ: ಅಂಗಡಿಯವನು ಗದರುತ್ತಾನೆಂಬ ಭಯದಿಂದಲೇ ಅವನು ಮುಂದೆ ಸರಿಯುವುದು. ಬರಿಗಾಲಿನ ನೋಟ ಮಾತ್ರ ಸೇರಿಸಿದ್ದು. ಹಮೀದನಿಗೆ ಚಪ್ಪಲಿಯಿಲ್ಲ ಎಂದು ಕಥೆ ಹೇಳುತ್ತದೆ, ಅಂಗಡಿಯವನು ಏಕೆ ಒಪ್ಪಿದ ಎಂದು ಹೇಳುವುದಿಲ್ಲ. ಓದುವಾಗ ಆ ಪ್ರಶ್ನೆ ಏಳದು. ಅಂಗಡಿಯವನ ಪಾತ್ರ ಹಿಡಿದ ವಿದ್ಯಾರ್ಥಿಗೆ ಮಾತ್ರ ಅದು ಎದ್ದೇ ಏಳುತ್ತದೆ. ಮನಸ್ಸು ಬದಲಾಯಿಸಲು ಕಾರಣ ಸಿಗದಿದ್ದರೆ ಅವನು ‘ಲೇ ಮರಿ’ ಎಂಬುದನ್ನು ಬಾಯಿಪಾಠದಂತೆ ಒಪ್ಪಿಸುತ್ತಾನೆ. ಮೂಲದಲ್ಲಿಲ್ಲದ್ದನ್ನು ಸೇರಿಸುವಾಗ, ಮೂಲದಲ್ಲೇ ಬೇರೆ ಕಡೆ ಇರುವ ವಿವರದಿಂದ ಸೇರಿಸುವುದು ಒಳ್ಳೆಯ ಕ್ರಮ.

ರಂಗಸೂಚನೆ ಬರೆಯುವಾಗ ಒಂದೇ ಪರೀಕ್ಷೆ ಸಾಕು: ಆವರಣದೊಳಗಿನ ವಾಕ್ಯವನ್ನು ಓದಿದ ವಿದ್ಯಾರ್ಥಿ ಎದ್ದುನಿಂತು ಅದನ್ನು ಮಾಡಬಲ್ಲನೇ? ‘ಹಮೀದನಿಗೆ ಅಜ್ಜಿಯ ಕಷ್ಟ ನೆನಪಾಗುತ್ತದೆ’ ಎಂಬುದನ್ನು ಮಾಡಲಾಗದು. ‘ದುಃಖದಿಂದ’ ಎಂಬುದು ಮಾಡಬಹುದಾದದ್ದು ಎಂದು ತೋರುತ್ತದೆ, ಆದರೆ ಅದನ್ನು ಓದಿದ ಹತ್ತರಲ್ಲಿ ಒಂಬತ್ತು ಮಕ್ಕಳು ಮಾತನ್ನು ರಾಗವಾಗಿ ಎಳೆಯುತ್ತಾರೆ. ‘ಜೇಬಿನೊಳಗೇ ಎಣಿಸುತ್ತಾನೆ’ ಎಂದರೆ ಕೈಗೆ ಕೆಲಸ ಸಿಗುತ್ತದೆ, ದನಿ ತಾನಾಗಿ ತಗ್ಗುತ್ತದೆ. ಸೂಚನೆಗಳು ವರ್ತಮಾನ ಕಾಲದಲ್ಲಿ, ಚಿಕ್ಕ ವಾಕ್ಯಗಳಲ್ಲಿ ಇರಲಿ. ಮಾತಾಡುತ್ತಲೇ ಮಾಡುವ ಕ್ರಿಯೆ ಪಾತ್ರದ ಹೆಸರಿನ ಪಕ್ಕದಲ್ಲಿ, ಮಾತು ನಿಂತ ಮೇಲೆ ನಡೆಯುವುದು ಬೇರೆ ಸಾಲಿನಲ್ಲಿ. ಪ್ರತಿ ಮಾತಿಗೂ ಸೂಚನೆ ಬೇಕೆಂದೇನೂ ಇಲ್ಲ. ‘ಸ್ವಲ್ಪ ಇಳಿಸಿ’ ಎಂಬುದಕ್ಕೆ ಏನನ್ನೂ ಬರೆಯದೆ ಬಿಟ್ಟರೆ ಹುಡುಗ ತಾನೇ ಒಂದು ರೀತಿ ಹುಡುಕಿಕೊಳ್ಳುತ್ತಾನೆ.

ಎಡ, ಬಲ ಎಂದು ಬರೆದಾಗ ಅದು ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟನ ಎಡ, ಬಲ. ಇದನ್ನು ಮೊದಲ ಪುಟದಲ್ಲೇ ಬರೆಯದಿದ್ದರೆ ತಾಲೀಮಿನಲ್ಲಿ ಅರ್ಧ ಮಂದಿ ಒಂದು ಕಡೆಯಿಂದ, ಅರ್ಧ ಮಂದಿ ಇನ್ನೊಂದು ಕಡೆಯಿಂದ ಬರುತ್ತಾರೆ. ಅಂಗಡಿ ಎಡಕ್ಕೇ ಇರಬೇಕಾದ್ದಕ್ಕೆ ಕಾರಣ ಆ ಮೂರು ಹೆಜ್ಜೆ. ತರಗತಿಯಲ್ಲಿ ಬೆಂಚುಗಳನ್ನು ಹಿಂದೆ ಸರಿಸಿದರೆ ಸಿಗುವ ಜಾಗ ಕಿರಿದು. ಹುಡುಗರು ಬಲಕ್ಕೆ ಹೋಗಿದ್ದಾರೆ, ಹಮೀದನೂ ಅತ್ತಲೇ ಹೋಗಬೇಕು. ಅಂಗಡಿ ಬಲತುದಿಯಲ್ಲಿದ್ದರೆ ಎರಡನೆಯ ಹೆಜ್ಜೆಗೇ ಅವನು ರಂಗದಿಂದ ಹೊರಗಿರುತ್ತಾನೆ, ಅಂಗಡಿಯವನು ಗೋಡೆಯನ್ನು ಕರೆಯಬೇಕಾಗುತ್ತದೆ. ಬೆಂಚು ಓರೆಯಾಗಿರುವುದಕ್ಕೂ ಕಾರಣವಿದೆ. ಪ್ರೇಕ್ಷಕರಿಗೆ ನೇರವಾಗಿ ಇಟ್ಟರೆ ಕೊಳ್ಳಲು ಬಂದವನ ಬೆನ್ನಷ್ಟೇ ಕಾಣುತ್ತದೆ. ಈ ದೃಶ್ಯದಲ್ಲಿ ಕಾಣಲೇಬೇಕಾದ್ದು ಅವನ ಕೈ.

ಜಾತ್ರೆಯ ಗುಂಪು ಅನುಕೂಲವೂ ಹೌದು, ಅಪಾಯವೂ ಹೌದು. ಗೊಂಬೆ ಮಾರುವವರು, ಮಿಠಾಯಿಯವರು, ತೊಟ್ಟಿಲು ತಿರುಗಿಸುವವರು ಎಂದು ಇಪ್ಪತ್ತು ಮಂದಿಗೆ ಪಾತ್ರ ಸಿಗುತ್ತದೆ. ಚೌಕಾಸಿ ನಡೆಯುವಾಗಲೂ ಅವರು ಕೂಗುತ್ತಿದ್ದರೆ ಹಮೀದನ ‘ಮೂರು’ ಯಾರಿಗೂ ಕೇಳುವುದಿಲ್ಲ. ಎಲ್ಲರೂ ಕಲ್ಲಿನಂತೆ ನಿಲ್ಲಲಿ ಎಂದು ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಒಬ್ಬ ತೂಗಾಡುತ್ತಾನೆ, ಒಬ್ಬಳು ನಗುತ್ತಾಳೆ, ಕಣ್ಣೆಲ್ಲ ಅತ್ತ ಹೋಗುತ್ತದೆ. ಮಹಮೂದನ ‘ಬರೀ ಕಬ್ಬಿಣ’ ಎಂಬ ಮಾತಿಗೆ ಗುಂಪು ಹಿಂಭಾಗಕ್ಕೆ ಸರಿದು, ಬೆನ್ನು ತಿರುಗಿಸಿ, ತಮ್ಮತಮ್ಮಲ್ಲಿ ಪಿಸುದನಿಯ ವ್ಯಾಪಾರ ನಡೆಸುವಂತೆ ಸೂಚಿಸಿದರೆ ಈ ಪಾಡಿಲ್ಲ. ಇಕ್ಕಳ ಹೆಗಲಿಗೇರಿದಾಗ ಅವರ ಗದ್ದಲ ಮತ್ತೆ ಏರಲಿ. ಕಥೆಯನ್ನು ಮಕ್ಕಳ ನಾಟಕವಾಗಿಸುವಾಗ ಗುಂಪು ಎಷ್ಟು ಕೆಲಸಕ್ಕೆ ಬರುತ್ತದೆಂದು ತಿಳಿಯಲು, ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಬಿ.ವಿ. ಕಾರಂತರು ಮಾಡಿದ ‘ಪಂಜರ ಶಾಲೆ’ಯನ್ನು ಒಮ್ಮೆ ಓದಬೇಕು.

ಅಂಗಡಿಯ ನಂತರ ಬರುವ ಹುಡುಗರ ವಾಗ್ವಾದ ಮೂಲದಲ್ಲಿ ಉದ್ದವಾಗಿದೆ. ಪೊಲೀಸು, ವಕೀಲ, ನೀರು ಹೊರುವ ಭಿಸ್ತಿ ಮುಂತಾದ ಗೊಂಬೆಗಳ ಪರವಾಗಿ ನಾಲ್ವರು, ಇಕ್ಕಳದ ಪರವಾಗಿ ಒಬ್ಬ. ಓದಲು ಸೊಗಸಾದ ಈ ವಾದವನ್ನು ಇಡಿಯಾಗಿ ಆಡಿಸಿದರೆ ಜಗ್ಗುತ್ತದೆ. ಆರೇಳು ಮಾತಿಗೆ ಇಳಿಸಿ, ಗೆಲುವನ್ನು ಜಾಗದಲ್ಲಿ ತೋರಿಸುವುದು ಲೇಸು. ಶುರುವಿಗೆ ನಾಲ್ವರು ಒಂದು ಕಡೆ, ಹಮೀದ ಒಬ್ಬನೇ ಒಂದು ಕಡೆ. ಪ್ರತಿ ವಾದ ಸೋತಾಗಲೂ ಒಬ್ಬ ಹುಡುಗ ಗುಂಪು ಬಿಟ್ಟು ಹಮೀದನ ಹತ್ತಿರ ಬಂದು ಇಕ್ಕಳ ಮುಟ್ಟಿ ನೋಡುತ್ತಾನೆ. ಕೊನೆಗೆ ಮಹಮೂದನೊಬ್ಬನೇ ಗೊಂಬೆ ಹಿಡಿದು ಆ ಕಡೆ ಉಳಿಯುತ್ತಾನೆ.

ಇಕ್ಕಳ ನಿಜವಾದ ಕಬ್ಬಿಣದ್ದೇ ಇರಬೇಕು. ರಟ್ಟಿನದಕ್ಕೆ ಭಾರವೂ ಇಲ್ಲ, ಟಣ್ ಎಂಬ ಸದ್ದೂ ಇಲ್ಲ, ಮತ್ತು ಈ ನಾಟಕದಲ್ಲಿ ಸದ್ದು ಒಂದು ಮಾತಿನಷ್ಟೇ ಕೆಲಸ ಮಾಡುತ್ತದೆ. ಉಳಿದ ಸಾಮಾನು ಏನಾದರೂ ನಡೆಯುತ್ತದೆ. ಒಲೆಗೆ ಮೂರು ಇಟ್ಟಿಗೆ ಸಾಕು, ಬೆಂಕಿ ಬೇಡ.

ಕೊನೆಯ ತುಣುಕಿನಲ್ಲಿ ನಿರೂಪಕ ಮತ್ತೆ ಅಡ್ಡ ಬರುತ್ತಾನೆ. ಇಕ್ಕಳ ಕಂಡ ಅಮೀನಾ ಮೊದಲು ಎದೆ ಬಡಿದುಕೊಳ್ಳುತ್ತಾಳೆ: ಹೊತ್ತು ಏರಿದರೂ ಏನೂ ತಿನ್ನದೆ ಈ ಕಬ್ಬಿಣ ತಂದನಲ್ಲ! ಬೆರಳು ಸುಡುತ್ತದೆ ಎಂದು ಹಮೀದ ಹೇಳಿದಾಗ ಅವಳ ಸಿಟ್ಟು ಕರಗುತ್ತದೆ, ಅಳುತ್ತಾ ಅವನನ್ನು ಹರಸುತ್ತಾಳೆ. ಇಲ್ಲಿ ಪ್ರೇಮಚಂದರು ನೇರವಾಗಿ ಓದುಗರೊಡನೆ ಮಾತಾಡಿ, ಹುಡುಗ ಮುದುಕನ ಪಾತ್ರವನ್ನೂ ಮುದುಕಿ ಎಳೆಯ ಹುಡುಗಿಯ ಪಾತ್ರವನ್ನೂ ವಹಿಸಿದರೆಂದು ಹೇಳುತ್ತಾರೆ. ಈ ಮಾತನ್ನು ಸೂತ್ರಧಾರನ ಬಾಯಿಗೆ ಹಾಕಿ ಮುಗಿಸುವುದು ಸುಲಭ. ಅದಕ್ಕಿಂತ ಗಟ್ಟಿಯಾದದ್ದು ಎತ್ತರದ ಅದಲುಬದಲು. ಮೊದಲ ತುಣುಕಿನಲ್ಲಿ ಅಮೀನಾ ನಿಂತು, ಕೆಳಗೆ ಕೂತ ಹಮೀದನ ಟೊಪ್ಪಿ ಸರಿಪಡಿಸುತ್ತಾಳೆ. ಕೊನೆಯಲ್ಲಿ ಅವಳು ನೆಲದ ಮೇಲೆ ಕುಸಿದು ಕೂರುತ್ತಾಳೆ, ಹಮೀದ ನಿಂತು ಅವಳ ತಲೆಯ ಮೇಲಿನ ಸೆರಗನ್ನು ಸರಿಪಡಿಸುತ್ತಾನೆ. ಎರಡೂ ಸೂಚನೆಗಳನ್ನು ಒಂದೇ ಪದಗಳಲ್ಲಿ ಬರೆದಿಟ್ಟರೆ ನಟರಿಗೆ ಜೋಡಿ ಹೊಳೆಯುತ್ತದೆ. ಆಮೇಲೆ ಹಮೀದನಿಗೆ ಮಾತು ಬೇಡ. ಅಜ್ಜಿ ಏಕೆ ಅಳುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯುವುದಿಲ್ಲ ಎಂದೇ ಕಥೆಯೂ ಹೇಳುತ್ತದೆ.

ಕರಡು ಮುಗಿದ ಮೇಲೆ ಅದನ್ನು ಕೂತು ಓದಿಸಿದರೆ ಸಾಲದು, ಒಮ್ಮೆ ನಡೆದು ನೋಡಿಸಬೇಕು. ಕೂತು ಓದಿದಾಗ ಎಂಟು ನಿಮಿಷ ಆದದ್ದು ಪ್ರವೇಶ, ನಿಷ್ಕ್ರಮಣ, ಚೌಕಾಸಿಯ ಮೌನ ಸೇರಿ ಹನ್ನೆರಡಕ್ಕೆ ಏರುವುದುಂಟು. ನಲವತ್ತು ನಿಮಿಷದ ತರಗತಿಯಲ್ಲಿ ಬೆಂಚು ಸರಿಸಿ, ಆಡಿ, ಮತ್ತೆ ಜೋಡಿಸಲು ಅಷ್ಟೇ ಹಿಡಿಸುತ್ತದೆ. ತಾಲೀಮಿನಲ್ಲಿ ಒಂದೇ ಮಾತನ್ನು ಇಬ್ಬರು ಮೂವರು ಬೇರೆಬೇರೆ ದಿನ ಮರೆತರೆ ತಪ್ಪು ಅವರ ನೆನಪಿನದಲ್ಲ. ಹಿಂದಿನ ಮಾತಿನಿಂದ ಅದು ಹುಟ್ಟುತ್ತಿಲ್ಲ, ತಿದ್ದಬೇಕಾದದ್ದು ಪಠ್ಯ. ಸೂಚನೆ ಓದಿಯೂ ನಟ ಪ್ರತಿ ಸಲ ಎಲ್ಲಿ ನಿಲ್ಲಬೇಕೆಂದು ಕೇಳುತ್ತಿದ್ದರೆ ಆ ಸೂಚನೆ ಅಸ್ಪಷ್ಟವಾಗಿದೆ.

ಅಚ್ಚುಕಟ್ಟಾದ ಪ್ರತಿಯ ಮೊದಲ ಪುಟದಲ್ಲಿ ಮೂಲ ಕಥೆಯ ಹೆಸರು, ಪ್ರೇಮಚಂದರ ಹೆಸರು, ರಂಗರೂಪ ಮಾಡಿದವರ ಹೆಸರು, ಪಾತ್ರಗಳು, ಸಾಮಾನಿನ ಪಟ್ಟಿ ಇರಬೇಕು. ಪ್ರೇಮಚಂದರು 1936ರಲ್ಲಿ ತೀರಿಕೊಂಡರು, ಅವರ ಮೂಲ ಕಥೆಯ ಹಕ್ಕಿನ ಅವಧಿ ಮುಗಿದಿದೆ. ಕನ್ನಡ ಅನುವಾದದ ಹಕ್ಕು ಬೇರೆಯದೇ. ಅನುವಾದವೊಂದನ್ನು ಇಟ್ಟುಕೊಂಡು ಬರೆದಿದ್ದರೆ ಅನುವಾದಕರ ಹೆಸರೂ ಬರಬೇಕು. ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಶಾಲೆಯ ಚಟುವಟಿಕೆಯಾಗಿ ತಮ್ಮವರ ಮತ್ತು ಪೋಷಕರ ಮುಂದೆ ಆಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಅದೇ ನಾಟಕವನ್ನು ಟಿಕೆಟ್ ಇಟ್ಟು ಸಾರ್ವಜನಿಕವಾಗಿ ಆಡುವುದಾದರೆ, ಹಕ್ಕಿನ ಅವಧಿ ಮುಗಿಯದ ಅನುವಾದಕ್ಕೆ ಅನುವಾದಕರ ಅನುಮತಿ ಪಡೆಯಬೇಕಾಗುತ್ತದೆ.